ಬೆಳಗಿನ ಜಾವ ಗಾಳಿ ಎಲ್ಲಿಗೆ ಹೋಗುತ್ತದೆ?

ದಿನಕ್ಕೆ 25 ಸಾವಿರ ಲೀಟರ್ ಹಾಲನ್ನು ಪ್ಯಾಕೆಟ್ ಮಾಡುವ ಒಂದು ಸಣ್ಣ ಡೇರಿಯನ್ನು ಊಹಿಸಿಕೊಳ್ಳಿ. ಒಂದು ಲೀಟರ್ ಹಾಲಿಗೆ ಎರಡು ಲೀಟರ್ ತೊಳೆದ ನೀರು ಎಂದು ಹಿಡಿದರೆ, ಚರಂಡಿಗೆ ಬರುವುದು ದಿನಕ್ಕೆ 50 ಘನ ಮೀಟರ್. ಮಾಲಿನ್ಯ ನಿಯಂತ್ರಣ ಮಂಡಳಿಯ ಅರ್ಜಿಯಲ್ಲಿ ಈ ಒಂದೇ ಅಂಕಿ ಸಾಕಾಗುತ್ತದೆ. ಆದರೆ ಶುದ್ಧೀಕರಣ ಘಟಕ ಕಟ್ಟುವವರಿಗೆ ಆ 50 ಯಾವ ಗಂಟೆಯಲ್ಲಿ ಎಷ್ಟೆಷ್ಟು ಬರುತ್ತದೆ ಎಂಬುದೇ ಮುಖ್ಯ.

ಬೆಳಗ್ಗೆ 6ರಿಂದ 10ರವರೆಗೆ ಕ್ಯಾನ್, ಟ್ಯಾಂಕರ್ ತೊಳೆದ ನೀರು ಗಂಟೆಗೆ ಎರಡೂವರೆ ಘನ ಮೀಟರ್ ಬರುತ್ತದೆ. 10ರಿಂದ 1ರವರೆಗೆ ಪಾಶ್ಚರೈಸರ್ ಮತ್ತು ಪೈಪುಗಳನ್ನು ಒಳಗಿಂದಲೇ ತೊಳೆಯುವ ಸಿಐಪಿ ನಡೆಯುತ್ತದೆ. ಆಗ ಗಂಟೆಗೆ 6. ಮಧ್ಯಾಹ್ನ ಒಂದೂವರೆಗೆ ಇಳಿದು, ಸಂಜೆ 5ರಿಂದ 8ರವರೆಗೆ ಮತ್ತೆ 4ಕ್ಕೆ ಏರುತ್ತದೆ. ರಾತ್ರಿಯಿಡೀ ಬರುವುದು ಒಟ್ಟು 4 ಘನ ಮೀಟರ್ ಮಾತ್ರ.

ಮುಂದಿನ ತೊಟ್ಟಿಯಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಹೀಗೆ ಒಮ್ಮೆ ಹಬ್ಬ, ಒಮ್ಮೆ ಉಪವಾಸ ಆಗುವುದಿಲ್ಲ. ಅದಕ್ಕೇ ನಡುವೆ ಸಮೀಕರಣ ತೊಟ್ಟಿ ಬೇಕು: ಬರುವ ನೀರು ಹೇಗೇ ಬರಲಿ, ಇಲ್ಲಿಂದ ಪಂಪು 24 ಗಂಟೆಯೂ ಒಂದೇ ಸಮನೆ, ಗಂಟೆಗೆ 2.08 ಘನ ಮೀಟರ್ ಎತ್ತುತ್ತದೆ. ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಬಂದದ್ದರಿಂದ ಹೋದದ್ದನ್ನು ಗಂಟೆಗಂಟೆಗೆ ಕಳೆದರೆ ಸಾಕು. ಬೆಳಗ್ಗೆ 6ಕ್ಕೆ ಉಳಿಕೆ ಸೊನ್ನೆ ಎಂದುಕೊಂಡರೆ 10 ಗಂಟೆಗೆ 1.7, ಮಧ್ಯಾಹ್ನ 1ಕ್ಕೆ 13.4, ರಾತ್ರಿ 8ಕ್ಕೆ 16.8 ಘನ ಮೀಟರ್ ಸೇರಿರುತ್ತದೆ. ಅಲ್ಲಿಂದ ಇಳಿದು ಮರುದಿನ 6ಕ್ಕೆ ಮತ್ತೆ ಸೊನ್ನೆ. ಅಂದರೆ ಕನಿಷ್ಠ 17 ಘನ ಮೀಟರ್ ಜಾಗ ಬೇಕು. ಹೆಚ್ಚುಕಡಿಮೆ ದಿನಗಳಿಗೆಂದು ಐದನೇ ಒಂದು ಭಾಗ ಸೇರಿಸಿ 20 ಎನ್ನೋಣ.

ಇಷ್ಟಕ್ಕೇ ನಿಲ್ಲಿಸುವವರು ಬಹಳ ಮಂದಿ. ಸಿಐಪಿ ಮುಗಿದಾಗ ಏನಾಗುತ್ತದೆ ನೋಡಿ. ಶೇಕಡಾ 1ರ ಕಾಸ್ಟಿಕ್ ದ್ರಾವಣ 500 ಲೀಟರ್, ಅಂದರೆ 5 ಕಿಲೋ ಕಾಸ್ಟಿಕ್, ಒಮ್ಮೆಲೇ ಚರಂಡಿಗಿಳಿಯುತ್ತದೆ. ಹಿಂದೆಯೇ ಅಷ್ಟೇ ನೈಟ್ರಿಕ್ ಆಸಿಡ್ ಬರುತ್ತದೆ. ಇವೆರಡೂ ಒಂದೇ ನೀರಿನಲ್ಲಿ ಸೇರಿದರೆ ಆಸಿಡ್ 3 ಕಿಲೋಗೂ ಹೆಚ್ಚು ಕಾಸ್ಟಿಕ್ಕನ್ನು ಬಿಟ್ಟಿಯಾಗಿ ಕೊಂದುಹಾಕುತ್ತದೆ; ಉಳಿದದ್ದನ್ನು ಹುಳಿಯುತ್ತಿರುವ ಹಾಲೇ ನೋಡಿಕೊಳ್ಳುತ್ತದೆ. ಆದರೆ ಕಾಸ್ಟಿಕ್ ಮೊದಲು ಬರುವುದರಿಂದ ಆ ಹೊತ್ತಿಗೆ ತೊಟ್ಟಿಯಲ್ಲಿ ನೀರಿರಬೇಕು. 10 ಗಂಟೆಗೆ ಅಲ್ಲಿರುವುದು ಬರೀ 1.7 ಘನ ಮೀಟರ್ ಆಗಿದ್ದರೆ ಪಿಎಚ್ 12 ದಾಟುತ್ತದೆ, ಪಂಪು ಅದನ್ನೇ ಎತ್ತಿ ಬ್ಯಾಕ್ಟೀರಿಯಾಗಳ ಮೇಲೆ ಸುರಿಯುತ್ತದೆ. ಆದ್ದರಿಂದ ತಳದಲ್ಲಿ ಎಂದೂ ಖಾಲಿಯಾಗದ 8 ಘನ ಮೀಟರ್ ಇಟ್ಟುಕೊಳ್ಳಬೇಕು. 3 ಮೀಟರ್ ಉದ್ದ, 3 ಮೀಟರ್ ಅಗಲದ ತೊಟ್ಟಿಯಾದರೆ ತಳದ ನೀರು 0.9 ಮೀಟರ್, ತುಂಬಿದಾಗ ಎತ್ತರ 3.2 ಮೀಟರ್ ಒಳಗೆ. ಮಾಮೂಲಿ ದಿನ ಮಟ್ಟ 0.9ರಿಂದ 2.8ರ ನಡುವೆ ಏರಿಳಿಯುತ್ತಿರುತ್ತದೆ. ಈ ಏರಿಳಿತವನ್ನು ನೆನಪಿಟ್ಟುಕೊಳ್ಳಿ.

ಈ ತೊಟ್ಟಿಗೂ ಗಾಳಿ ಊದಬೇಕು. ಸುಮ್ಮನೆ ಬಿಟ್ಟರೆ ಕೊಬ್ಬು ಮೇಲೆ ಕೆನೆಗಟ್ಟುತ್ತದೆ, ಹಾಲಿನ ಸಕ್ಕರೆ ಹುಳಿಯಾಗುತ್ತದೆ, ವಾಸನೆ ಗೇಟಿನವರೆಗೂ ಬರುತ್ತದೆ. ತೂತು ಕೊರೆದ ಪೈಪಿನಿಂದ ದಪ್ಪ ಗುಳ್ಳೆ ಎಬ್ಬಿಸಿದರೆ ಸಾಕು, ಗಂಟೆಗೆ 35 ಘನ ಮೀಟರ್ ಗಾಳಿ. ಸಣ್ಣ ಗುಳ್ಳೆಯ ರಬ್ಬರ್ ಡಿಫ್ಯೂಸರ್‌ಗಳನ್ನು ಇಲ್ಲಿ ಹಾಕಿದರೆ ಕೊಬ್ಬು ಕಟ್ಟಿಕೊಂಡು ಬೇಗ ಹಾಳಾಗುತ್ತವೆ.

ಅವುಗಳ ಜಾಗ ಮುಂದಿನ ಏರೇಶನ್ ಟ್ಯಾಂಕು. ನೀರಿನ ಬಿಓಡಿ ಲೀಟರಿಗೆ 1200 ಮಿಲಿಗ್ರಾಂ ಇದ್ದರೆ ದಿನದ ಕೊಳೆ 60 ಕಿಲೋ. ಒಂದು ಕಿಲೋ ಬ್ಯಾಕ್ಟೀರಿಯಾ ಸ್ಲಡ್ಜ್‌ಗೆ ದಿನಕ್ಕೆ 150 ಗ್ರಾಂ ಊಟವೆಂದರೆ 400 ಕಿಲೋ ಸ್ಲಡ್ಜ್ ಬೇಕು. ಘನ ಮೀಟರಿಗೆ ಮೂರೂವರೆ ಕಿಲೋ ತೇಲಿಸಬಹುದಾದ್ದರಿಂದ ಟ್ಯಾಂಕು ಸುಮಾರು 115 ಘನ ಮೀಟರ್, ನೀರಿನ ಆಳ 4 ಮೀಟರ್. ಕೊಳೆಯ ಒಂದೂವರೆ ಪಟ್ಟು ಆಮ್ಲಜನಕ ಎಂದರೆ ದಿನಕ್ಕೆ 90 ಕಿಲೋ. ಡಿಫ್ಯೂಸರ್ ಮಾರುವವರ ಕ್ಯಾಟಲಾಗಿನಲ್ಲಿ ಈ ಆಳಕ್ಕೆ ಶೇಕಡಾ 20ರಷ್ಟು ಆಮ್ಲಜನಕ ನೀರಿಗೆ ಸೇರುತ್ತದೆ ಎಂದಿರುತ್ತದೆ. ಅದು 20 ಡಿಗ್ರಿಯ ತಿಳಿನೀರಿನ ಲೆಕ್ಕ. ನಮ್ಮ ಬೆಚ್ಚಗಿನ, ಸೋಪು ಬೆರೆತ ನೀರಿನಲ್ಲಿ ಶೇಕಡಾ 8 ಸಿಕ್ಕರೆ ಪುಣ್ಯ. ಹಾಗೆ ಹಿಡಿದರೆ ಗಂಟೆಗೆ 170 ಘನ ಮೀಟರ್ ಗಾಳಿ ಬೇಕು. ಕ್ಯಾಟಲಾಗನ್ನು ನಂಬಿದವರು 70ಕ್ಕೆ ಬ್ಲೋವರ್ ಕೊಂಡು ತರುತ್ತಾರೆ.

ನಾವು ಹಾಗೆ ಮಾಡಲಿಲ್ಲ ಎನ್ನೋಣ. 170ಕ್ಕೆ 35 ಕೂಡಿಸಿ 205ರ ಒಂದು ಬ್ಲೋವರ್ ತಂದು, ಒಂದೇ ಹೆಡರ್ ಪೈಪಿನಿಂದ ಎರಡೂ ತೊಟ್ಟಿಗೆ ಕೊಟ್ಟೆವು. ಸಣ್ಣ ಘಟಕಗಳಲ್ಲಿ ಇದು ಸಾಮಾನ್ಯ, ಕೆಡುವುದೂ ಇಲ್ಲೇ. ಗಾಳಿ ಎಲ್ಲಿ ಕಡಿಮೆ ನೀರಿದೆಯೋ ಅಲ್ಲಿಗೆ ನುಗ್ಗುತ್ತದೆ. ಏರೇಶನ್ ಟ್ಯಾಂಕಿನ ಡಿಫ್ಯೂಸರ್ ಮೇಲೆ ಸದಾ 3.75 ಮೀಟರ್ ನೀರು; ಸಮೀಕರಣ ತೊಟ್ಟಿಯಲ್ಲಿ ರಾತ್ರಿ 8ಕ್ಕೆ 2.6 ಮೀಟರ್, ಬೆಳಗ್ಗೆ 6ಕ್ಕೆ ಬರೀ 0.7. ಆದ್ದರಿಂದ ಈ ಕಡೆಯ ವಾಲ್ವನ್ನು ಯಾವಾಗಲೂ ಹಿಡಿದಿಟ್ಟಿರಬೇಕು.

ಸಂಜೆ ಪಾಳಿಯ ಆಪರೇಟರ್ ತೊಟ್ಟಿ ತುಂಬಿ ಕೆನೆ ಕಟ್ಟಿರುವುದನ್ನು ನೋಡುತ್ತಾನೆ. ವಾಲ್ವನ್ನು ಸ್ವಲ್ಪ ತಿರುಗಿಸುತ್ತಾನೆ, ಕೆನೆ ಒಡೆಯುತ್ತದೆ, ಮನೆಗೆ ಹೋಗುತ್ತಾನೆ. ಆಗ ಈ ಕಡೆ ಹೋಗುತ್ತಿರುವ ಗಾಳಿ 90 ಎಂದಿಟ್ಟುಕೊಳ್ಳಿ. ಆಚೆಗೆ 115 ಉಳಿಯಿತು. ರಾತ್ರಿ ಮಟ್ಟ ಇಳಿದಂತೆ, ಯಾರೂ ಮುಟ್ಟದಿದ್ದರೂ, ಅದೇ ವಾಲ್ವಿನಿಂದ ಹೋಗುವ ಗಾಳಿ 140 ದಾಟುತ್ತದೆ. ಬೆಳಗಿನ ಜಾವ ಏರೇಶನ್ ಟ್ಯಾಂಕಿಗೆ ಸಿಗುವುದು 60ರಷ್ಟು, ಬೇಕಾದದ್ದರ ಮೂರನೇ ಒಂದು ಭಾಗ. ಆದರೆ ಪಂಪು ಮಾತ್ರ ಹಗಲಿನಷ್ಟೇ ಕೊಳೆಯನ್ನು ಆಗಲೂ ಉಣಿಸುತ್ತಿರುತ್ತದೆ. ಸಮೀಕರಣ ಇರುವುದೇ ಅದಕ್ಕಲ್ಲವೇ?

ತಪಾಸಣೆಗೆ ಬಂದವರು 11 ಗಂಟೆಗೆ ಡಿಓ ಮೀಟರ್ ಇಳಿಸಿ, ಕರಗಿದ ಆಮ್ಲಜನಕ 2 ಮಿಲಿಗ್ರಾಂ ಇದೆ, ಎಲ್ಲ ಸರಿ ಎಂದು ಬರೆದುಕೊಂಡು ಹೋಗುತ್ತಾರೆ. ಬೆಳಗ್ಗೆ 5ಕ್ಕೆ ನೋಡಿದರೆ ಅರ್ಧವೂ ಇರುವುದಿಲ್ಲ. ದಿನವೂ ಹೀಗಾದರೆ ಕಂದು ಸ್ಲಡ್ಜ್ ಕಪ್ಪಾಗುತ್ತದೆ, ನೂಲಿನಂಥ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಒಂದು ಲೀಟರ್ ಜಾಡಿಯಲ್ಲಿ ಅರ್ಧ ಗಂಟೆಗೆ 300 ಮಿಲಿಲೀಟರಿಗೆ ಕೂರುತ್ತಿದ್ದ ಸ್ಲಡ್ಜ್ 700ಕ್ಕೂ ಇಳಿಯುವುದಿಲ್ಲ. ಕೊನೆಗೆ ಕ್ಲಾರಿಫೈಯರ್ ಅಂಚಿನಿಂದ ಹೊರಗೆ ಹರಿಯತೊಡಗುತ್ತದೆ. ಆಗ ಪಾಲಿಮರ್ ಸುರಿಯುವುದು, ಸಗಣಿ ನೀರು ಹಾಕುವುದು ಶುರುವಾಗುತ್ತದೆ. ಅದಕ್ಕೂ ಮೊದಲು ಹೆಡರ್ ಮೇಲಿನ ಪ್ರೆಶರ್ ಗೇಜನ್ನು ಬೆಳಗಿನ ಜಾವ ನೋಡಬೇಕು. ಅದು 0.38 ಬಾರ್‌ಗಿಂತ ಕೆಳಗಿದ್ದರೆ ಏರೇಶನ್ ಟ್ಯಾಂಕಿಗೆ ಒಂದು ಗುಳ್ಳೆಯೂ ಹೋಗುತ್ತಿಲ್ಲ.

ಪರಿಹಾರ ಸರಳ: ಸಮೀಕರಣ ತೊಟ್ಟಿಗೆ ತನ್ನದೇ ಒಂದು ಪುಟ್ಟ ಬ್ಲೋವರ್. 35 ಘನ ಮೀಟರಿಗೆ ಒಂದು ಕಿಲೋವ್ಯಾಟ್ ಆಸುಪಾಸಿನ ಮೋಟರ್ ಸಾಕು. ಖರ್ಚು ತಪ್ಪಿಸಲು ಕೆಲವರು ಪಂಪಿನ ಫ್ಲೋಟ್ ಸ್ವಿಚ್ಚನ್ನು ಮೇಲೆತ್ತಿ, ತಳದ ನೀರನ್ನು 0.9ರಿಂದ ಒಂದೂವರೆ ಮೀಟರಿಗೆ ಏರಿಸುತ್ತಾರೆ. ಗಾಳಿಯ ಏರುಪೇರು ಕೊಂಚ ತಗ್ಗುತ್ತದೆ, ನಿಜ. ಆದರೆ ದಿನದ ಏರಿಕೆ ಸುಮಾರು 1.9 ಮೀಟರ್, ಒಂದೂವರೆಗೆ ಅದನ್ನು ಕೂಡಿಸಿದರೆ 3.4. ತೊಟ್ಟಿಯ ಲೆಕ್ಕ ಇದ್ದದ್ದು 3.2ಕ್ಕೆ, ಆದ್ದರಿಂದ ಸಂಜೆಯ ತೊಳೆತ ಮುಗಿಯುವ ಮೊದಲೇ ನೀರು ಓವರ್‌ಫ್ಲೋ ಪೈಪಿಗೆ ಮುಟ್ಟಿರುತ್ತದೆ.