ನೈಟ್ರೊಫೀನಾಲುಗಳ ಬಾಷ್ಪಶೀಲತೆಯೂ ಜಲಜನಕ ಬಂಧವೂ

ಫೀನಾಲಿನ ಮೇಲೆ ಸಾರರಿಕ್ತ ನೈಟ್ರಿಕ್ ಆಮ್ಲವು ವರ್ತಿಸಿದಾಗ ಆರ್ಥೊ ಮತ್ತು ಪ್ಯಾರಾ ನೈಟ್ರೊಫೀನಾಲುಗಳೆರಡೂ ಉಂಟಾಗುತ್ತವೆ. ಆಮ್ಲವನ್ನು ತೊಳೆದು ತೆಗೆದ ಮಿಶ್ರಣದೊಳಗೆ ನೀರಿನ ಹಬೆಯನ್ನು ಹಾಯಿಸಿದರೆ ಆರ್ಥೊ ಸಮಾಂಗಿಯು ಹಬೆಯೊಡನೆ ಹೊರಟುಬರುತ್ತದೆ. ಪ್ಯಾರಾ ಸಮಾಂಗಿಯು ಪಾತ್ರೆಯಲ್ಲಿಯೇ ಉಳಿಯುತ್ತದೆ. ಎರಡರ ಅಣುತೂಕವೂ 139. ಎರಡರಲ್ಲಿರುವ ಗುಂಪುಗಳೂ ಅವೇ. ಹೀಗಿದ್ದೂ ಇವುಗಳ ನಡತೆಯಲ್ಲಿ ಇಷ್ಟು ಅಂತರವೇಕೆ ಎಂಬುದನ್ನು ನಾವು ಇಲ್ಲಿ ವಿಚಾರಮಾಡುವೆವು.

ಆರ್ಥೊ ಸಮಾಂಗಿಯಲ್ಲಿ ಜಲಜನಕ ಬಂಧವಿಲ್ಲವೆಂದು ವಿದ್ಯಾರ್ಥಿಗಳು ಬರೆಯುವುದುಂಟು. ಇದು ಸರಿಯಲ್ಲ. ಬಂಧವು ಅಲ್ಲಿಯೂ ಇದೆ. ಆದರೆ ಅದು ಅಣುವಿನ ಒಳಗೇ ಮುಗಿದುಹೋಗುತ್ತದೆ. ಹೈಡ್ರಾಕ್ಸಿಲ್ ಗುಂಪಿನ ಜಲಜನಕವು ಪಕ್ಕದ ನೈಟ್ರೊ ಗುಂಪಿನ ಆಮ್ಲಜನಕವನ್ನು ಮುಟ್ಟಿ, ಆರು ಪರಮಾಣುಗಳ ಉಂಗುರವೊಂದು ಏರ್ಪಡುತ್ತದೆ. ನೆರೆಯ ಅಣುವನ್ನು ಹಿಡಿಯಲು ಆ ಜಲಜನಕಕ್ಕೆ ಹೆಚ್ಚಿನ ಅವಕಾಶವು ಉಳಿಯುವುದಿಲ್ಲ. ಪ್ಯಾರಾ ಸಮಾಂಗಿಯಲ್ಲಾದರೋ ಎರಡು ಗುಂಪುಗಳು ಉಂಗುರದ ಎದುರುಬದುರು ತುದಿಗಳಲ್ಲಿವೆ. ಆದ್ದರಿಂದ ಒಂದು ಅಣುವಿನ ಜಲಜನಕವು ಮತ್ತೊಂದು ಅಣುವನ್ನೇ ಆಶ್ರಯಿಸಬೇಕು. ಅಣುಗಳು ಸರಪಳಿಯಂತೆ ಬೆಸೆದುಕೊಳ್ಳುತ್ತವೆ. ಆರ್ಥೊ ಸಮಾಂಗಿಯು ಸುಮಾರು 45° ಸೆ.ನಲ್ಲಿ ಕರಗಿ ಸುಮಾರು 215° ಸೆ.ನಲ್ಲಿ ಕುದಿಯುತ್ತದೆ. ಪ್ಯಾರಾ ಸಮಾಂಗಿಯು ಸುಮಾರು 114° ಸೆ.ನಲ್ಲಿ ಕರಗಿ, 279° ಸೆ.ನ ಹತ್ತಿರ ಕುದಿಯುವಾಗ ವಿಘಟಿತವಾಗುತ್ತದೆ.

215° ಸೆ.ನಲ್ಲಿ ಕುದಿಯುವ ವಸ್ತು 100° ಸೆ.ನೊಳಗೇ ಬಟ್ಟಿ ಇಳಿಯುವುದು ಹೇಗೆ? ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ಆವಿ ಒತ್ತಡಗಳ ಮೊತ್ತವು ವಾಯುಭಾರಕ್ಕೆ, ಎಂದರೆ 760 ಮಿ.ಮೀ.ಗೆ, ಸಮವಾದೊಡನೆ ಮಿಶ್ರಣವು ಕುದಿಯುತ್ತದೆ. ಆ ಉಷ್ಣತೆಯಲ್ಲಿ ಆರ್ಥೊ ಸಮಾಂಗಿಯ ಪಾಲು ಸುಮಾರು 15 ಮಿ.ಮೀ.; ಉಳಿದ 745 ಮಿ.ಮೀ. ನೀರಿನದು. ತೂಕಗಳ ಪ್ರಮಾಣವು 15 × 139 ಕ್ಕೆ 745 × 18, ಎಂದರೆ 2085 ಕ್ಕೆ 13410. ಹೀಗೆ ಒಂದು ಗ್ರಾಂ ವಸ್ತುವಿನೊಡನೆ ಸುಮಾರು ಆರೂವರೆ ಗ್ರಾಂ ನೀರು ಬರುತ್ತದೆ. ಒತ್ತಡವು ಅಲ್ಪವಾದರೂ ಅಣುತೂಕವು ಹೆಚ್ಚಾಗಿರುವುದರಿಂದ ಇದು ಸಾಧ್ಯವಾಯಿತು. ಪ್ಯಾರಾ ಸಮಾಂಗಿಯ ಆವಿ ಒತ್ತಡವು ಅಲ್ಲಿ ತೀರ ಕಡಿಮೆ. ಮೇಲಾಗಿ ಅದರ ಹೈಡ್ರಾಕ್ಸಿಲ್ ಗುಂಪು ನೀರಿನೊಡನೆಯೂ ಬಂಧವನ್ನು ರಚಿಸುವುದರಿಂದ, ಅದು ಬಿಸಿನೀರಿನಲ್ಲಿ ಕರಗಿ ನಿಲ್ಲುತ್ತದೆ.

ಪ್ರಯೋಗದಲ್ಲಿ ಒಂದು ತೊಡಕುಂಟು. ಆರ್ಥೊ ಸಮಾಂಗಿಯು ತಣ್ಣನೆಯ ಸಾಂದ್ರಕದಲ್ಲಿ ಹಳದಿಯ ಹರಳಾಗಿ ಹೆಪ್ಪುಗಟ್ಟಿ ನಳಿಗೆಯನ್ನು ಮುಚ್ಚಬಹುದು. ಆಗ ತಣ್ಣೀರನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಅದು ಕರಗಿ ಇಳಿಯುತ್ತದೆ. ಇಳಿಯುವ ನೀರಿನಲ್ಲಿ ಹಳದಿಯ ಬಣ್ಣವು ಕಾಣದಾದಾಗ ಬೇರ್ಪಡಿಕೆಯು ಮುಗಿಯಿತೆಂದು ತಿಳಿಯಬಹುದು.

ಬಂಧವು ಒಳಗಿನದೋ ಹೊರಗಿನದೋ ಎಂಬುದಕ್ಕೆ ಅವಕೆಂಪು ರೋಹಿತವು ನೇರವಾದ ಸಾಕ್ಷಿ. ಕಾರ್ಬನ್ ಟೆಟ್ರಾಕ್ಲೋರೈಡಿನಂತಹ ದ್ರಾವಕದಲ್ಲಿ ದ್ರಾವಣವನ್ನು ತೆಳುಗೊಳಿಸುತ್ತ ಹೋದಂತೆ ಅಣುಗಳು ದೂರವಾಗಿ, ಅವುಗಳ ನಡುವಣ ಬಂಧಗಳು ಕಳಚುತ್ತವೆ. ಬಂಧಮುಕ್ತ ಹೈಡ್ರಾಕ್ಸಿಲಿನ ಪಟ್ಟಿಯು ಕಾಣತೊಡಗುತ್ತದೆ. ಆರ್ಥೊ ಸಮಾಂಗಿಯ ಪಟ್ಟಿಯು ಮಾತ್ರ ಇದ್ದಲ್ಲಿಯೇ ಇರುತ್ತದೆ. ಏಕೆಂದರೆ ಅದರ ಬಂಧಕ್ಕೆ ನೆರೆಯ ಅಣುವು ಬೇಕಾಗಿಲ್ಲ.