ಎಂಟು ಸಾವಿರ ಎಲ್ಲಿ ಸಿಕ್ಕಿಕೊಂಡಿತು?

“ಸರ್, ವರ್ಷವಿಡೀ ತೆರಿಗೆ ಕಟ್ಟಿದ್ದೀವಿ. ಮತ್ತೆ ಯಾಕೆ ತೆರಿಗೆ ಅಂತ ಐದು ಲಕ್ಷ ಸಾಲದ ಕಡೆ ತೋರಿಸಿದ್ದೀರಿ?” ಮೊದಲ ಸಲ ಸ್ವಂತ ಕಂಪನಿಯ ಬ್ಯಾಲೆನ್ಸ್ ಶೀಟ್ ನೋಡುವ ಮಾಲೀಕರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ವರ್ಷದಲ್ಲಿ ಕಟ್ಟಿದ ಹಣಕ್ಕೂ ಆ ವರ್ಷದ ತೆರಿಗೆಗೂ ನೇರ ಸಂಬಂಧ ಕಾಣಬೇಕಾದರೆ ಮೂರು ಖಾತೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕು.

ರಟ್ಟಿನ ಪೆಟ್ಟಿಗೆಗಳ ಮೇಲೆ ಜಾಬ್‌ವರ್ಕ್ ಮುದ್ರಣ ಮಾಡುವ ಒಂದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. 2024-25ರಲ್ಲಿ ಅದರ ತೆರಿಗೆಗೆ ಒಳಪಡುವ ಆದಾಯ 20,00,000 ರೂಪಾಯಿ. ಕಂಪನಿ ರಿಯಾಯಿತಿ ದರ ಆರಿಸಿಕೊಂಡಿದೆ. 22% ತೆರಿಗೆ, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿದರೆ 25.168%, ಅಂದರೆ 5,03,360 ರೂಪಾಯಿ. ಮಾರ್ಚ್ 31ರ ತಾರೀಖಿನಲ್ಲಿ ಈ ಮೊತ್ತವನ್ನು ಲಾಭ-ನಷ್ಟ ಖಾತೆಗೆ ಡೆಬಿಟ್ ಮಾಡಿ, ‘ಆದಾಯ ತೆರಿಗೆ ಪ್ರಾವಿಷನ್’ ಖಾತೆಗೆ ಕ್ರೆಡಿಟ್ ಮಾಡುತ್ತಾರೆ. ಮಾಲೀಕರು ಕಂಡ ಐದು ಲಕ್ಷ ಇದೇ.

ಇನ್ನು ವರ್ಷದಲ್ಲಿ ಕಟ್ಟಿದ ಹಣ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಕಂತಿನಲ್ಲಿ ಕಟ್ಟಿದ ಮುಂಗಡ ತೆರಿಗೆ 3,50,000. ಕಟ್ಟಿದ ದಿನ ಇದನ್ನು ಖರ್ಚಿಗೆ ಬರೆಯುವಂತಿಲ್ಲ, ಆಸ್ತಿಯ ಕಡೆ ‘ಮುಂಗಡ ತೆರಿಗೆ’ ಎಂಬ ಖಾತೆಯಲ್ಲಿ ಕೂರಬೇಕು. ಖರ್ಚಿಗೆ ಬರೆದು ಕೊನೆಗೆ ಪ್ರಾವಿಷನ್ನನ್ನೂ ಮಾಡಿದರೆ ಒಂದೇ ತೆರಿಗೆ ಎರಡು ಸಲ ಲಾಭವನ್ನು ತಿನ್ನುತ್ತದೆ.

ಹೆಚ್ಚು ಎಡವುವುದು ಟಿಡಿಎಸ್‌ನಲ್ಲಿ. ಗ್ರಾಹಕರು ಒಂದು ಲಕ್ಷದ ಜಾಬ್‌ವರ್ಕ್ ಬಿಲ್ಲಿಗೆ 2% ಹಿಡಿದುಕೊಂಡು 98,000 ಬ್ಯಾಂಕಿಗೆ ಹಾಕುತ್ತಾರೆ. (ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಕಡಿತವಿಲ್ಲ, ಆ ಭಾಗ ಇಲ್ಲಿ ಬಿಡೋಣ.) ಆದಾಯ ಪೂರ್ತಿ ಒಂದು ಲಕ್ಷವೇ. ಉಳಿದ 2,000 ‘ಟಿಡಿಎಸ್ ಬರಬೇಕಾದದ್ದು’ ಖಾತೆಗೆ ಹೋಗಬೇಕು. ಎಷ್ಟೋ ಕಡೆ ಅದು ಗ್ರಾಹಕರ ಖಾತೆಯಲ್ಲೇ ಬಾಕಿಯಾಗಿ ತೂಗಾಡುತ್ತಿರುತ್ತದೆ. ವರ್ಷದ ಕೊನೆಗೆ ಯಾರೋ ಬೇಸತ್ತು ಅದನ್ನು ಡಿಸ್ಕೌಂಟ್ ಎಂದು ತೊಡೆದುಹಾಕುತ್ತಾರೆ. ಸರ್ಕಾರಕ್ಕೆ ಮುಟ್ಟಿದ ನಿಮ್ಮದೇ ಹಣವನ್ನು ನೀವೇ ಬಿಟ್ಟುಕೊಟ್ಟ ಹಾಗೆ.

ನಮ್ಮ ಕಂಪನಿಗೆ ಪುಸ್ತಕದ ಪ್ರಕಾರ ವರ್ಷದ ಟಿಡಿಎಸ್ 1,20,000. ಪ್ರಾವಿಷನ್ 5,03,360ರಲ್ಲಿ ಮುಂಗಡ ಮತ್ತು ಟಿಡಿಎಸ್ ಸೇರಿದ 4,70,000 ಕಳೆದರೆ ಉಳಿಯುವ ನಿಜವಾದ ಬಾಕಿ 33,360. ರಿಟರ್ನ್ ಹಾಕುವ ಮುಂಚೆ ಇದನ್ನು ಕಟ್ಟಿದರಾಯಿತು. ಮೊದಲ ಮೂರು ಕಂತು ಸರಿಯಾಗಿ ಕಟ್ಟಿದ್ದರೆ ಕೊನೆಯ ಕಂತಿನ ಕೊರತೆಗೆ 333 ರೂಪಾಯಿ ಬಡ್ಡಿ ಬೀಳುತ್ತದೆ, ಅಷ್ಟೇ. ಆ ಬಡ್ಡಿಯನ್ನು ಪ್ರಾವಿಷನ್ನಿಗೆ ಬೆರೆಸದೆ ಬೇರೆ ಬರೆಯಿರಿ.

ಇಷ್ಟರಲ್ಲಿ ಬೆಂಗಳೂರಿನ ಸಿಪಿಸಿಯಿಂದ, ಅಂದರೆ ದೇಶದ ರಿಟರ್ನ್‌ಗಳನ್ನು ಪರಿಶೀಲಿಸುವ ಆದಾಯ ತೆರಿಗೆ ಕೇಂದ್ರದಿಂದ, ಸೂಚನೆ ಬರುತ್ತದೆ: ಟಿಡಿಎಸ್ 1,12,000 ಮಾತ್ರ ಒಪ್ಪಿದ್ದೇವೆ, 8,000 ಮತ್ತು ಬಡ್ಡಿ ಕಟ್ಟಿ. ಬಡ್ಡಿ ಯಾಕೆ? ಟಿಡಿಎಸ್ ಕಳೆದ ಮೇಲೆ ಉಳಿಯುವ ತೆರಿಗೆಯ 90% ಮುಂಗಡವಾಗಿ ಕಟ್ಟಿರಬೇಕು. ಟಿಡಿಎಸ್ 1,20,000 ಆಗಿದ್ದಾಗ ಆ ಗಡಿ 3,45,024 ಇತ್ತು, ನಮ್ಮ 3,50,000 ದಾಟಿತ್ತು. ಟಿಡಿಎಸ್ ಎಂಟು ಸಾವಿರ ಇಳಿದ ಕೂಡಲೇ ಗಡಿ 3,52,224ಕ್ಕೆ ಏರಿತು. ಎರಡು ಸಾವಿರ ಚಿಲ್ಲರೆಗೆ ಕಂಪನಿ ಗಡಿಯ ಆಚೆ ಬಿತ್ತು, ಏಪ್ರಿಲ್‌ನಿಂದ ತಿಂಗಳಿಗೆ 1% ಬಡ್ಡಿ ಶುರುವಾಯಿತು.

ಇಲ್ಲಿ ಅವಸರಪಟ್ಟು ಪ್ರಾವಿಷನ್ ಹೆಚ್ಚಿಸುವುದು ತಪ್ಪು. ತೆರಿಗೆ ಬದಲಾಗಿಲ್ಲ, ಐದು ಲಕ್ಷದ ಮೂರು ಸಾವಿರ ಚಿಲ್ಲರೆಯೇ. ಸಂಶಯ ಇರುವುದು ಬರಬೇಕಾದ ಹಣದ ಬಗ್ಗೆ. ಪುಸ್ತಕದ ಟಿಡಿಎಸ್ ಖಾತೆಯನ್ನೂ ಪೋರ್ಟಲಿನ 26AS ಪಟ್ಟಿಯನ್ನೂ ಗ್ರಾಹಕರ ಹೆಸರಿನ ಪ್ರಕಾರ ಎದುರುಬದುರು ಇಟ್ಟು ನೋಡಿದರೆ, ನಾಲ್ಕು ಲಕ್ಷದ ಕೆಲಸ ಕೊಟ್ಟ ಒಬ್ಬ ಗ್ರಾಹಕರ ಸಾಲು ಪಟ್ಟಿಯಲ್ಲೇ ಇಲ್ಲ. ಅವರ ಲೆಕ್ಕದವರು ಪ್ಯಾನ್ ನಂಬರಿನ ಒಂದು ಅಂಕಿ ತಪ್ಪು ಹಾಕಿದ್ದರು. ಅವರು ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಿದ ಮೇಲೆ 8,000 ನಮ್ಮ ಪಟ್ಟಿಗೆ ಬರುತ್ತದೆ, ಆಗ ಸಿಪಿಸಿಗೆ ಸೂಚನೆ ತಿದ್ದಲು ಕೇಳಬಹುದು. ಅವರು ಟಿಡಿಎಸ್ ಹಿಡಿದೂ ಸರ್ಕಾರಕ್ಕೆ ಕಟ್ಟದೇ ಇದ್ದರೆ ಕಥೆ ಉದ್ದವಾಗುತ್ತದೆ. ಹಿಡಿದ ತೆರಿಗೆಯನ್ನು ಮತ್ತೆ ನಮ್ಮಿಂದ ಕೇಳುವಂತಿಲ್ಲ ಎಂದು ಕಾನೂನು ಹೇಳಿದರೂ, ಹಿಡಿದದ್ದಕ್ಕೆ ಪುರಾವೆ ನಾವೇ ಜೋಡಿಸಬೇಕು.

ತಿದ್ದಿದ ಸೂಚನೆ ಬಂದ ದಿನವೇ ಆ ವರ್ಷದ ಖಾತೆ ಮುಚ್ಚಿ: ಪ್ರಾವಿಷನ್ 5,03,360 ಡೆಬಿಟ್, ಎದುರಿಗೆ ಮುಂಗಡ 3,50,000, ಟಿಡಿಎಸ್ 1,20,000, ಕೊನೆಗೆ ಕಟ್ಟಿದ 33,360 ಕ್ರೆಡಿಟ್. ನಾಲ್ಕೂ ಸೊನ್ನೆಯಾಗುತ್ತವೆ. ಇದಕ್ಕೆ ಈ ನಾಲ್ಕು ಖಾತೆಗಳನ್ನು ವರ್ಷವಾರು ಬೇರೆ ಬೇರೆ ತೆರೆದಿರಬೇಕು. ಐದು ವರ್ಷದ್ದನ್ನು ಒಂದೇ ಖಾತೆಯಲ್ಲಿ ಸುರಿದಿದ್ದರೆ ಯಾವ ವರ್ಷದ ಎಂಟು ಸಾವಿರ ಸಿಕ್ಕಿಕೊಂಡಿದೆ ಎಂದು ಟ್ಯಾಲಿಯೂ ಹೇಳಲಾರದು.

ಮಾರ್ಚ್ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಗ್ರಾಹಕರಿಗೆ ಮೇ 31 ಕೊನೆಯ ದಿನ. ಜೂನ್ ಮಧ್ಯದಲ್ಲಿ 26AS ಇಳಿಸಿಕೊಂಡು ಟಿಕ್ ಹಾಕುತ್ತಾ ಹೋಗಿ, ಟಿಕ್ ಬೀಳದ ಸಾಲಿನ ಗ್ರಾಹಕರಿಗೆ ಅವತ್ತೇ ಫೋನ್ ಮಾಡಿ.