‘ಟೆಲಿಗ್ರಾಂಗೆ ಬನ್ನಿ, ದುಡ್ಡು ನೇರ ಹಾಕ್ತೀವಿ’

ಧಾರವಾಡದಲ್ಲೊಬ್ಬಳು ಹುಡುಗಿ, ಲೋಗೊ ಮಾಡಿಕೊಡುವವಳು ಎಂದಿಟ್ಟುಕೊಳ್ಳಿ. ಅಪ್‌ವರ್ಕ್‌ನಲ್ಲಿ ಖಾತೆ ತೆರೆದು ಎರಡು ತಿಂಗಳಾಗಿದೆ, ಇನ್ನೂ ಒಂದು ಕೆಲಸವೂ ಸಿಕ್ಕಿಲ್ಲ. ಒಂದು ರಾತ್ರಿ ಸಂದೇಶ ಬರುತ್ತದೆ: ‘ನಿಮ್ಮ ಕೆಲಸ ಹಿಡಿಸಿತು, 400 ಡಾಲರ್ ಕೊಡುತ್ತೇವೆ. ಟೆಲಿಗ್ರಾಂನಲ್ಲಿ ನಮ್ಮ ಮ್ಯಾನೇಜರ್ ಇದ್ದಾರೆ, ಅಲ್ಲಿಗೆ ಬನ್ನಿ. ದುಡ್ಡನ್ನೂ ನೇರ ಬ್ಯಾಂಕಿಗೆ ಹಾಕುತ್ತೇವೆ, ನಿಮಗೆ ಕಮಿಷನ್ ಉಳಿಯುತ್ತದೆ.’

ಇಲ್ಲಿ ಕೇಳಿರುವುದು ಎರಡು. ಮಾತು ಹೊರಗೆ ಬರಲಿ ಎಂಬುದೊಂದು, ದುಡ್ಡು ಹೊರಗೆ ಬರಲಿ ಎಂಬುದಿನ್ನೊಂದು. ಎರಡಕ್ಕೂ ನಿಯಮ ಬೇರೆ ಬೇರೆ. ಅಪ್‌ವರ್ಕ್‌ನಲ್ಲಿ ಕಾಂಟ್ರ್ಯಾಕ್ಟ್ ಶುರುವಾಗುವ ಮೊದಲು ಫೋನ್ ನಂಬರು, ಇಮೇಲ್, ಟೆಲಿಗ್ರಾಂ ಹೆಸರು ಕೊಡುವಂತಿಲ್ಲ; ಮಾತೆಲ್ಲ ಅಲ್ಲಿನ ಸಂದೇಶ ಪೆಟ್ಟಿಗೆಯಲ್ಲೇ ಆಗಬೇಕು. ಶುರುವಾದ ಮೇಲೆ ಇಮೇಲ್, ಝೂಮ್ ಬಳಸಿದರೆ ಅಡ್ಡಿಯಿಲ್ಲ. ದುಡ್ಡಿನ ಮಾತೇ ಬೇರೆ. ಅಲ್ಲಿ ಪರಿಚಯವಾದ ಗಿರಾಕಿಯ ಹಣ ಎರಡು ವರ್ಷ ಅಲ್ಲಿಂದಲೇ ಬರಬೇಕು. ಫೈವರ್‌ನವರು ಇನ್ನೂ ಬಿಗಿ, ಮಾತುಕತೆಯನ್ನೂ ಹೊರಗೆ ಬಿಡುವುದಿಲ್ಲ.

ಕಮಿಷನ್ ಆಸೆಗೆ ಈ ನಿಯಮ ಮಾಡಿದ್ದಾರೆ ಎನ್ನುವುದು ನಿಜ, ಮುಚ್ಚಿಡುವುದೇನಿದೆ? ಆದರೆ ಆ ಕಮಿಷನ್ನಿಗೆ ಸಿಗುವುದೇನು ಎಂಬುದನ್ನೂ ಲೆಕ್ಕ ಹಾಕಬೇಕು. ಲೋಗೊ ಕೆಲಸ ಒಟ್ಟು ಮೊತ್ತಕ್ಕೆ ಒಪ್ಪಿದ್ದಾದರೆ, ಗಿರಾಕಿ 400 ಡಾಲರನ್ನು ಮೊದಲೇ ಅಪ್‌ವರ್ಕ್‌ನಲ್ಲಿ ಠೇವಣಿಯಾಗಿ ಇಡುತ್ತಾನೆ. ಹುಡುಗಿ ಕೆಲಸ ಸಲ್ಲಿಸಿ 14 ದಿನ ಕಳೆದರೂ ಅವನು ತುಟಿ ಬಿಚ್ಚದಿದ್ದರೆ ಹಣ ತಾನಾಗಿ ಅವಳಿಗೆ ಬಿಡುಗಡೆಯಾಗುತ್ತದೆ. ಕಮಿಷನ್ ಶೇಕಡಾ 10 ಎಂದು ಹಿಡಿದರೆ ಹೋಗುವುದು 40 ಡಾಲರ್. ಹೊರಗೆ ಹೋದರೆ ಆ 40 ಉಳಿಯುತ್ತದೆ, ಉಳಿದ 360ಕ್ಕೆ ಜಾಮೀನೇ ಇರುವುದಿಲ್ಲ. ಲೋಗೊ ಕಳಿಸಿದ ಮೇಲೆ ಅವನು ಫೋನ್ ಎತ್ತದಿದ್ದರೆ ಅಪ್‌ವರ್ಕ್ ಮುಂದೆ ದೂರಲೂ ಆಗದು, ನಿಯಮ ಮುರಿದವಳು ತಾನೇ ಆಗಿರುತ್ತಾಳೆ.

ಟೆಲಿಗ್ರಾಂಗೆ ಹೋದವರಿಗೆ ಸಾಮಾನ್ಯವಾಗಿ ಎದುರಾಗುವುದು ಲೋಗೊ ಮಾತಲ್ಲ. ‘ರಿಜಿಸ್ಟ್ರೇಷನ್‌ಗೆ ಐದು ಸಾವಿರ ಕಟ್ಟಿ, ಮೊದಲ ಪೇಮೆಂಟ್ ಜೊತೆ ವಾಪಸ್’ ಎನ್ನುತ್ತಾರೆ. ಇಲ್ಲವೇ ಹಣ ಕಳಿಸುತ್ತೇವೆಂದು ಯುಪಿಐ ಪಿನ್ ಒತ್ತಿಸುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದರ್ಥ. ಕೆಲಸ ಕೊಡುವವನು ನಮ್ಮಿಂದಲೇ ದುಡ್ಡು ಕೇಳಿದ ಕ್ಷಣ ಅವನು ಗಿರಾಕಿಯಲ್ಲ ಎಂಬುದು ಖಾತ್ರಿ.

ಹಾಗೆಂದು ಕೇಳಿದವರೆಲ್ಲ ಕಳ್ಳರಲ್ಲ. ಎಷ್ಟೋ ಮಂದಿ ವಾಟ್ಸಾಪ್ ಕೈಗೆ ಒಗ್ಗಿದೆ ಎಂದಷ್ಟೇ ಕೇಳುತ್ತಾರೆ, ನಿಯಮ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಉತ್ತರದಲ್ಲಿ ಅನುಮಾನದ ವಾಸನೆ ಬರಬಾರದು. ಹುಡುಗಿ ಇಷ್ಟು ಬರೆದರೆ ಸಾಕು: ‘ಕೆಲಸ ಮಾಡಲು ನನಗೆ ಇಷ್ಟವಿದೆ. ಕಾಂಟ್ರ್ಯಾಕ್ಟ್ ಆಗುವವರೆಗೆ ಇಲ್ಲೇ ಮಾತಾಡಬೇಕೆಂಬುದು ಇಲ್ಲಿನ ನಿಯಮ. ಮಾತಾಡಲೇಬೇಕೆಂದರೆ ಇಲ್ಲೇ ವಿಡಿಯೊ ಕರೆ ಮಾಡಬಹುದು, ನಾಳೆ ಸಂಜೆ 6ಕ್ಕೆ ಆಗುತ್ತದೆಯೇ? ಮೊದಲ ಕಂತಿನ ಹಣ ಇಲ್ಲಿ ಇಟ್ಟ ದಿನವೇ ಕೆಲಸ ಶುರು ಮಾಡುತ್ತೇನೆ.’ ಇದರಲ್ಲಿ ನಿರಾಕರಣೆ ಇದೆ, ಆದರೆ ಮುಂದಿನ ಹೆಜ್ಜೆಯೂ ಇದೆ. ನಿಜವಾದ ಗಿರಾಕಿ ಸಮಯ ಹೇಳುತ್ತಾನೆ. ಮೋಸಗಾರ ಮತ್ತೆ ಅದೇ ಟೆಲಿಗ್ರಾಂ ಹೆಸರು ಅಂಟಿಸುತ್ತಾನೆ, ಇಲ್ಲವೇ ಮಾಯವಾಗುತ್ತಾನೆ. ಎರಡನೇ ಸಲ ಒತ್ತಾಯ ಬಂದರೆ ಚರ್ಚೆ ಬೇಡ. ಆ ಸಂದೇಶವನ್ನೇ ವರದಿ ಮಾಡಿ ಬಿಟ್ಟುಬಿಡುವುದು.

ಕಷ್ಟ ಇರುವುದು ಒಳ್ಳೆಯ ಗಿರಾಕಿಯ ಜೊತೆ. ಆರು ತಿಂಗಳಿಂದ ನೆಟ್ಟಗೆ ದುಡ್ಡು ಕೊಟ್ಟವನು ‘ಇನ್ನು ಅವರಿಗ್ಯಾಕೆ ಕೊಡೋದು’ ಎಂದರೆ ಇಲ್ಲವೆನ್ನಲು ನಾಲಿಗೆ ಏಳದು. ಅಲ್ಲಿ ಉತ್ತರ ದಾಕ್ಷಿಣ್ಯದ್ದಲ್ಲ, ಲೆಕ್ಕದ್ದು. ಎರಡು ವರ್ಷಕ್ಕೆ ಮೊದಲೇ ಹೊರಹೋಗುವ ದಾರಿ ಅಪ್‌ವರ್ಕ್‌ನಲ್ಲೇ ಇದೆ, ಅದಕ್ಕೆ ಶುಲ್ಕವಿದೆ. ‘ಆ ಶುಲ್ಕ ನೀವು ಕಟ್ಟಿದರೆ ನಾನು ಸಿದ್ಧ, ಇಲ್ಲವಾದರೆ ಹೀಗೇ ಮುಂದುವರಿಸೋಣ’ ಎಂದು ಬರೆಯಬಹುದು. ಗುಟ್ಟಾಗಿ ಹೊರಗೆ ಹಣ ಪಡೆದು ಸಿಕ್ಕಿಬಿದ್ದರೆ ಖಾತೆಯೇ ಮುಚ್ಚಬಹುದು. ಜೊತೆಗೆ ವರ್ಷಗಟ್ಟಲೆ ಕೂಡಿಟ್ಟ ರೇಟಿಂಗು, ಬೇರೆ ಗಿರಾಕಿಗಳು ಎಲ್ಲ ಹೋದಂತೆ.

ಕಾಂಟ್ರ್ಯಾಕ್ಟ್ ಆದ ಮೇಲೆ ವಾಟ್ಸಾಪ್‌ನಲ್ಲಿ ಮಾತಾಡುವವರು ಒಂದು ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಬಣ್ಣ ನೀಲಿ, ಎರಡು ಸಲ ತಿದ್ದುಪಡಿ, ಶುಕ್ರವಾರ ಸಲ್ಲಿಕೆ’ ಎಂದು ಒಪ್ಪಿದ್ದನ್ನು ಅದೇ ದಿನ ಅಪ್‌ವರ್ಕ್ ಸಂದೇಶದಲ್ಲೂ ಬರೆದು ಹಾಕಿ. ಜಗಳವಾದಾಗ ಅಪ್‌ವರ್ಕ್‌ನವರ ಕಣ್ಣಿಗೆ ತಾನಾಗಿ ಬೀಳುವುದು ಅಲ್ಲಿರುವ ಮಾತು ಮಾತ್ರ.

ಈಗಾಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ನಾಚಿಕೆ ಪಡುತ್ತ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.